ನಾಳೆಯ ಬಡ್ಡಿಯಿಂದ ಇಂದಿನ ಬೆಲೆಗೆ

ಒಂದೇ ಕಂಪನಿ ಎರಡು ಬಾಂಡ್‌ಗಳನ್ನು ಹೊರಡಿಸಿದೆ ಎಂದುಕೊಳ್ಳಿ. ಎರಡರ ಮುಖಬೆಲೆಯೂ 100 ರೂಪಾಯಿ, ಎರಡರ ಅವಧಿಯೂ ಎರಡು ವರ್ಷ, ಎರಡಕ್ಕೂ ವರ್ಷಕ್ಕೆ ಶೇ 7ರ ಕೂಪನ್. ಅಂದರೆ ಮೊದಲ ವರ್ಷದ ಕೊನೆಗೆ 7 ರೂಪಾಯಿ ಬಡ್ಡಿ, ಎರಡನೆಯ ವರ್ಷದ ಕೊನೆಗೆ ಬಡ್ಡಿ ಅಸಲು ಸೇರಿ 107 ರೂಪಾಯಿ. ವ್ಯತ್ಯಾಸ ಇರುವುದು ಒಂದೇ ಷರತ್ತಿನಲ್ಲಿ. ಎರಡನೆಯ ಬಾಂಡಿನ ಕರಾರಿನ ಪ್ರಕಾರ, ಒಂದು ವರ್ಷ ತುಂಬಿದ ದಿನ ಕಂಪನಿ ಬೇಕೆಂದರೆ ಆ ವರ್ಷದ ಬಡ್ಡಿ ಕೊಟ್ಟು, 100 ರೂಪಾಯಿ ಅಸಲನ್ನೂ ಕೈಗಿಟ್ಟು ಲೆಕ್ಕ ಚುಕ್ತಾ ಮಾಡಬಹುದು. ಹೂಡಿಕೆದಾರ ಬೇಡ ಅನ್ನುವಂತಿಲ್ಲ. ಇದಕ್ಕೆ ಕಾಲ್ ಆಯ್ಕೆ ಎನ್ನುತ್ತಾರೆ. ಈ ಷರತ್ತು ಇರುವ ಬಾಂಡ್, ಇಲ್ಲದ ಬಾಂಡಿಗಿಂತ ಎಷ್ಟು ಪೈಸೆ ಅಗ್ಗವಾಗಿರಬೇಕು?

ಅಗ್ಗವಾಗಿರಬೇಕು ಎನ್ನುವುದರಲ್ಲಿ ಅನುಮಾನವಿಲ್ಲ. ನಿಶ್ಚಿತ ದರದಲ್ಲಿ ಗೃಹಸಾಲ ಪಡೆದವರು ಬಡ್ಡಿ ಇಳಿದಾಗ ಏನು ಮಾಡುತ್ತಾರೆ ಎಂದು ಯೋಚಿಸಿದರೆ ಸಾಕು. ಬೇರೆ ಕಡೆ ಕಡಿಮೆ ದರಕ್ಕೆ ಸಾಲ ಎತ್ತಿ ಹಳೆಯದನ್ನು ತೀರಿಸುತ್ತಾರೆ. ಬಡ್ಡಿ ಏರಿದರೆ ಹಳೆಯ ಸಾಲವನ್ನೇ ಹಾಯಾಗಿ ಮುಂದುವರಿಸುತ್ತಾರೆ. ಇಲ್ಲಿ ಸಾಲಗಾರ ಕಂಪನಿ, ಸಾಲ ಕೊಟ್ಟವರು ನಾವು. ಅನುಕೂಲವೆಲ್ಲ ಅವರ ಕಡೆಗಿದೆ, ಅದಕ್ಕೆ ಅವರು ಬೆಲೆ ತೆರಬೇಕು. ಆದರೆ ಎಷ್ಟು?

ಷರತ್ತಿಲ್ಲದ ಸಾದಾ ಬಾಂಡಿನ ಬೆಲೆ ಕಂಡುಹಿಡಿಯಲು ದೊಡ್ಡ ಸಿದ್ಧಾಂತವೇನೂ ಬೇಡ. ಯಾವಾಗ ಎಷ್ಟು ಬರುತ್ತದೆ ಎಂಬುದು ಗೊತ್ತಿದೆ. ಒಂದು ವರ್ಷದ ಹಣಕ್ಕೆ, ಎರಡು ವರ್ಷದ ಹಣಕ್ಕೆ ಇಂದು ಮಾರುಕಟ್ಟೆಯಲ್ಲಿ ಎಷ್ಟು ಬಡ್ಡಿ ಎಂಬುದೂ ಗೊತ್ತಿದೆ. ಭಾರತ ಸರ್ಕಾರದ ಬಾಂಡ್‌ಗಳಿಗಂತೂ ಎಫ್‌ಬಿಐಎಲ್ ಸಂಸ್ಥೆ ಅವಧಿವಾರು ಬಡ್ಡಿದರಗಳನ್ನು ಪ್ರಕಟಿಸುತ್ತದೆ. ಆ ದರಗಳಿಂದ ಪ್ರತಿ ಮೊತ್ತವನ್ನೂ ಇಂದಿನ ಬೆಲೆಗೆ ಇಳಿಸಿ ಕೂಡಿದರೆ ಮುಗಿಯಿತು. ಕಾಲ್ ಆಯ್ಕೆ ಬಂದ ಕೂಡಲೇ ಈ ದಾರಿ ಮುಚ್ಚಿಹೋಗುತ್ತದೆ. ಎರಡನೆಯ ವರ್ಷದ 107 ರೂಪಾಯಿ ಬರುತ್ತದೋ ಇಲ್ಲವೋ ಎಂಬುದೇ ಈಗ ಗೊತ್ತಿಲ್ಲ. ಒಂದು ವರ್ಷದ ನಂತರ ಬಡ್ಡಿದರ ಎಲ್ಲಿರುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಆದ್ದರಿಂದ ಮುಂದಿನ ವರ್ಷದ ಬಡ್ಡಿದರವನ್ನು ಲೆಕ್ಕದೊಳಗೆ ತರಲೇಬೇಕು, ಅದೂ ಒಂದಲ್ಲ, ಒಂದಕ್ಕಿಂತ ಹೆಚ್ಚು ಸಾಧ್ಯತೆಗಳಾಗಿ. ಇದಕ್ಕೆಂದೇ ಇರುವ ಸಾಧನ ಬೈನಾಮಿಯಲ್ ಟ್ರೀ, ಪ್ರತಿ ಹೆಜ್ಜೆಯಲ್ಲೂ ಎರಡಾಗಿ ಕವಲೊಡೆಯುವ ಬಡ್ಡಿದರದ ಮರ.

ಎರಡು ವರ್ಷದ ಬಾಂಡಿಗೆ ಬೇಕಾಗುವ ಮರ ತೀರಾ ಚಿಕ್ಕದು. ಬುಡದಲ್ಲಿ ಇಂದಿನ ಒಂದು ವರ್ಷದ ಬಡ್ಡಿದರ. ಅದು ಶೇ 6 ಎಂದಿಟ್ಟುಕೊಳ್ಳೋಣ. ಇದು ಊಹೆಯಲ್ಲ, ಮಾರುಕಟ್ಟೆಯಲ್ಲಿ ಇಂದು ಕಣ್ಣಿಗೆ ಕಾಣುವ ದರ. ಅಲ್ಲಿಂದ ಎರಡು ಕವಲು. ಒಂದು ವರ್ಷದ ನಂತರ, ಅಲ್ಲಿಂದ ಮುಂದಿನ ಒಂದು ವರ್ಷಕ್ಕೆ ಬಡ್ಡಿದರ ಮೇಲಿನ ಕವಲಿನಲ್ಲಿ ಶೇ 8, ಕೆಳಗಿನ ಕವಲಿನಲ್ಲಿ ಶೇ 6. ಸದ್ಯಕ್ಕೆ ಇವು ಬರೀ ಅಂದಾಜು. ಇವನ್ನು ತಿದ್ದುವ ಕೆಲಸ ಆಮೇಲೆ ಇದೆ. ಎರಡೂ ಕವಲುಗಳಿಗೆ ಸಮಾನ ತೂಕ, ಅರ್ಧರ್ಧ. ಕವಲೊಡೆಯುವ ಜಾಗಗಳನ್ನು ಗೆಣ್ಣುಗಳು ಎಂದು ಕರೆಯೋಣ.

ಲೆಕ್ಕ ಶುರುವಾಗುವುದು ಬುಡದಿಂದಲ್ಲ, ತುದಿಯಿಂದ. ಇಂದಿನ ಬೆಲೆ ಗೊತ್ತಿಲ್ಲ, ಅದನ್ನೇ ಹುಡುಕುತ್ತಿದ್ದೇವೆ. ಒಂದು ವರ್ಷದ ನಂತರದ ಬೆಲೆಯೂ ಗೊತ್ತಿಲ್ಲ, ಅದು ಆಗಿನ ಬಡ್ಡಿದರವನ್ನು ಅವಲಂಬಿಸಿದೆ. ಇಡೀ ಮರದಲ್ಲಿ ಬಾಂಡಿನ ಬೆಲೆ ಖಚಿತವಾಗಿ ಗೊತ್ತಿರುವ ಜಾಗ ಒಂದೇ, ಎರಡನೆಯ ವರ್ಷದ ಕೊನೆಯ ದಿನ. ಬಡ್ಡಿದರ ಎಲ್ಲೇ ಇರಲಿ, ಆ ದಿನ 107 ರೂಪಾಯಿ ಕೈಗೆ ಬರುತ್ತದೆ. ಗೊತ್ತಿರುವ ಆ ತುದಿಯನ್ನು ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ಬರುವುದನ್ನು ಹಿಮ್ಮುಖ ಲೆಕ್ಕ ಎನ್ನಬಹುದು.

ಮೊದಲ ಹೆಜ್ಜೆಯಲ್ಲಿ ಎರಡನೆಯ ವರ್ಷದ ಕೊನೆಯಿಂದ ಮೊದಲ ವರ್ಷದ ಕೊನೆಗೆ ಬರುತ್ತೇವೆ. ಮೇಲಿನ ಗೆಣ್ಣಿನಲ್ಲಿ ಬಡ್ಡಿ ಶೇ 8. ಇನ್ನೊಂದು ವರ್ಷಕ್ಕೆ 107 ರೂಪಾಯಿ ಕೊಡುವ ಕಾಗದಕ್ಕೆ ಆಗ ಯಾರಾದರೂ ಎಷ್ಟು ಕೊಟ್ಟಾರು? 107ನ್ನು 1.08ರಿಂದ ಭಾಗಿಸಿದರೆ 99.07. ಅಷ್ಟೇ ಹಣವನ್ನು ಶೇ 8ಕ್ಕೆ ಬೇರೆ ಕಡೆ ಇಟ್ಟರೂ ವರ್ಷದ ಕೊನೆಗೆ 107 ಆಗುತ್ತದೆ, ಹಾಗಾಗಿ ಅದಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ. ಕೆಳಗಿನ ಗೆಣ್ಣಿನಲ್ಲಿ ಬಡ್ಡಿ ಶೇ 6, ಬೆಲೆ 107ನ್ನು 1.06ರಿಂದ ಭಾಗಿಸಿದಾಗ ಬರುವ 100.94. ಬಡ್ಡಿ ಏರಿದರೆ ಬಾಂಡಿನ ಬೆಲೆ ಇಳಿಯುತ್ತದೆ ಎಂದು ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಓದುವ ಮಾತು ಇಲ್ಲಿ ಅಂಕಿಯಾಗಿ ಎದುರಿಗೆ ನಿಂತಿದೆ.

ಈ ಎರಡು ಬೆಲೆಗಳು ಮೊದಲ ವರ್ಷದ ಕೂಪನ್ ಬಟವಾಡೆಯಾದ ನಂತರದವು. ಆದರೆ ಬಾಂಡ್ ಹಿಡಿದವರ ಕೈಗೆ ಅದೇ ದಿನ 7 ರೂಪಾಯಿ ಬಡ್ಡಿಯೂ ಬರುತ್ತದೆ. ಹಾಗಾಗಿ ಎರಡೂ ಗೆಣ್ಣುಗಳಿಗೆ 7 ಕೂಡಬೇಕು. ಆಗ ಮೇಲೆ 106.07, ಕೆಳಗೆ 107.94. ಹೊಸದಾಗಿ ಲೆಕ್ಕ ಹಾಕುವವರು ಹೆಚ್ಚಾಗಿ ಮುಗ್ಗರಿಸುವ ಜಾಗ ಇದು. ಕೂಪನ್ ಕೂಡುವುದನ್ನು ಮರೆತರೆ ಉತ್ತರ ಆರೇಳು ರೂಪಾಯಿ ಕಡಿಮೆ ಬರುತ್ತದೆ, ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಕಾಲ್ ಆಯ್ಕೆಯನ್ನು ಪರೀಕ್ಷಿಸುವ ಮೊದಲೇ ಕೂಪನ್ ಕೂಡಿಬಿಟ್ಟರೆ ಆಗುವ ತಪ್ಪು ಇನ್ನೂ ಕೆಟ್ಟದ್ದು, ಅದು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಅದಕ್ಕೆ ಮತ್ತೆ ಬರುತ್ತೇನೆ.

ಎರಡನೆಯ ಹೆಜ್ಜೆಯಲ್ಲಿ ಮೊದಲ ವರ್ಷದ ಕೊನೆಯಿಂದ ಇಂದಿಗೆ ಬರುತ್ತೇವೆ. ಎರಡು ಗೆಣ್ಣುಗಳ ಸರಾಸರಿ 107.01. ಅದನ್ನು ಇಂದಿನ ದರ ಶೇ 6ರಲ್ಲಿ ಒಂದು ವರ್ಷ ಹಿಂದಕ್ಕೆ ತಂದರೆ, ಅಂದರೆ 1.06ರಿಂದ ಭಾಗಿಸಿದರೆ, 100.95 ರೂಪಾಯಿ. ನಮ್ಮ ಮರದ ಪ್ರಕಾರ ಸಾದಾ ಬಾಂಡಿನ ಬೆಲೆ ಇದು.

ಈಗ ಮಾರುಕಟ್ಟೆಯನ್ನು ನೋಡೋಣ. ಅಲ್ಲಿ ಈ ಸಾದಾ ಬಾಂಡ್ 100.78 ರೂಪಾಯಿಗೆ ಕೈ ಬದಲಾಯಿಸುತ್ತಿದೆ ಎಂದುಕೊಳ್ಳಿ. ಮರ ಹೇಳಿದ್ದು 100.95. ಹದಿನೇಳು ಪೈಸೆ ವ್ಯತ್ಯಾಸ. ಮಾರುಕಟ್ಟೆ ತಪ್ಪು, ಬಾಂಡ್ ಅಗ್ಗವಾಗಿ ಸಿಗುತ್ತಿದೆ, ಕೊಳ್ಳಿ ಎಂದು ಹೊರಡುವುದು ಸಹಜವಾದ ಆಸೆ. ಅದು ಸಲ್ಲದು. ಶೇ 8 ಮತ್ತು ಶೇ 6 ಎಂಬ ಅಂಕಿಗಳನ್ನು ನಾವೇ ಇಟ್ಟವರು. ಮಾರುಕಟ್ಟೆಯ ಬೆಲೆಯಲ್ಲಿ ನಿಜವಾದ ಹಣ ಕೈ ಬದಲಾಗಿದೆ. ಆದ್ದರಿಂದ ತಿದ್ದಬೇಕಾದದ್ದು ಮರವನ್ನು. ಎರಡೂ ಕವಲುಗಳನ್ನು ತುಸು ಮೇಲಕ್ಕೆ ಸರಿಸಿ ನೋಡೋಣ, ಶೇ 8.2 ಮತ್ತು ಶೇ 6.2. ಮೇಲಿನ ಗೆಣ್ಣಿನ ಬೆಲೆ 98.89, ಕೆಳಗಿನದು 100.75. ಕೂಪನ್ ಕೂಡಿದರೆ 105.89 ಮತ್ತು 107.75. ಸರಾಸರಿ 106.82. ಅದನ್ನು 1.06ರಿಂದ ಭಾಗಿಸಿದರೆ 100.78. ಮರ ಈಗ ಮಾರುಕಟ್ಟೆಯ ಮಾತಿಗೆ ಒಪ್ಪಿತು.

ಈ ಹೊಂದಿಸುವಿಕೆಗೆ ಕ್ಯಾಲಿಬ್ರೇಷನ್ ಎಂದು ಹೆಸರು, ಇಡೀ ವಿಧಾನದ ಪ್ರಾಣ ಇರುವುದೇ ಇಲ್ಲಿ. ಬಡ್ಡಿದರದ ಮರ ಭವಿಷ್ಯ ಹೇಳುವುದಿಲ್ಲ. ಸಾದಾ ಬಾಂಡ್‌ಗಳ ಬೆಲೆಯನ್ನು ಅದು ನಮಗೆ ಕಂಡುಹಿಡಿದು ಕೊಡುವುದಿಲ್ಲ. ಆ ಬೆಲೆಗಳನ್ನು ನಾವೇ ಅದಕ್ಕೆ ಕಲಿಸುತ್ತೇವೆ. ಗೊತ್ತಿರುವ ಬೆಲೆಗಳನ್ನು ಕಲಿಸಿದ ಮೇಲೆ ಗೊತ್ತಿಲ್ಲದ ಬೆಲೆಯನ್ನು ಕೇಳುತ್ತೇವೆ. ಇದನ್ನು ಅರಿಯದೆ ಮರ ನೆಟ್ಟವರಿಗೆ ಬರುವ ಉತ್ತರಗಳು ಅವರದೇ ಊಹೆಗಳು, ಅಂಕಿಯ ವೇಷ ತೊಟ್ಟು ಹಿಂದಿರುಗಿದವು.

ಹೀಗೆ ಮಾರುಕಟ್ಟೆಗೆ ಹೊಂದುವ ಮರವನ್ನು ಥಾಮಸ್ ಹೋ ಮತ್ತು ಸಾಂಗ್-ಬಿನ್ ಲೀ 1986ರಲ್ಲಿ ಮುಂದಿಟ್ಟರು. ಅವರ ಮರದಲ್ಲಿ ಕವಲುಗಳ ನಡುವಿನ ಅಂತರ ಶೇಕಡಾವಾರು ಅಂಶಗಳಲ್ಲಿ ಇರುತ್ತದೆ, ನಮ್ಮ ಉದಾಹರಣೆಯ ಎರಡು ಅಂಶಗಳ ಹಾಗೆ. ಆ ರೀತಿಯಲ್ಲಿ ಮರ ದೊಡ್ಡದಾದಾಗ ಕೆಳಗಿನ ಕವಲುಗಳು ಸೊನ್ನೆಗಿಂತ ಕೆಳಕ್ಕೂ ಜಾರಬಹುದು. 1990ರಲ್ಲಿ ಫಿಷರ್ ಬ್ಲ್ಯಾಕ್, ಇಮ್ಯಾನುಯೆಲ್ ಡರ್ಮನ್ ಮತ್ತು ವಿಲಿಯಂ ಟಾಯ್ ಪ್ರಕಟಿಸಿದ ಮಾದರಿಯಲ್ಲಿ ಅಂತರವನ್ನು ಅನುಪಾತವಾಗಿ ಇಟ್ಟರು: ಮೇಲಿನ ದರ ಕೆಳಗಿನ ದರದ ಇಷ್ಟು ಪಟ್ಟು ಎಂದು. ಹಾಗಾಗಿ ದರ ಎಂದೂ ಸೊನ್ನೆ ಮುಟ್ಟುವುದಿಲ್ಲ. ಮೂವರೂ ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಕೆಲಸ ಮಾಡಿದವರು. ಡರ್ಮನ್ ಮೂಲತಃ ಭೌತವಿಜ್ಞಾನಿ. ಅವರ ಮುಂದಿದ್ದ ತೊಡಕು ಸ್ವಾರಸ್ಯದ್ದು. ಷೇರಿನ ಆಯ್ಕೆಗಳಿಗೆ ಬೆಲೆ ಕಟ್ಟುವ ಸೂತ್ರವನ್ನು ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ 1973ರಲ್ಲೇ ಕೊಟ್ಟಿದ್ದರು. ಅದನ್ನೇ ಬಾಂಡಿಗೆ ತೊಡಿಸಿದರೆ ಕೂರುವುದಿಲ್ಲ. ಷೇರಿನ ಬೆಲೆ ಕಾಲ ಕಳೆದಂತೆ ಎಲ್ಲಿಗೆ ಬೇಕಾದರೂ ಅಲೆದು ಹೋಗಬಹುದು. ಬಾಂಡಿನ ಬೆಲೆ ಹಾಗೆ ಅಲೆಯುವಂತಿಲ್ಲ. ಅವಧಿ ಮುಗಿಯುವ ದಿನ ಅದು ಮುಖಬೆಲೆಗೆ ಬಂದು ಸೇರಲೇಬೇಕು. ಅಲ್ಲದೆ ಎರಡು ವರ್ಷದ ಬಾಂಡ್, ಹತ್ತು ವರ್ಷದ ಬಾಂಡ್ ಎರಡೂ ಅಲುಗುವುದು ಒಂದೇ ಬಡ್ಡಿದರದ ಅಲುಗಾಟದಿಂದ. ಒಂದೊಂದಕ್ಕೂ ಬೇರೆ ಬೇರೆ ಮಾದರಿ ಹೂಡಿದರೆ ಅವು ಒಂದಕ್ಕೊಂದು ವಿರುದ್ಧವಾಗಿ ಮಾತಾಡುತ್ತವೆ. ಅದಕ್ಕೇ ಬಾಂಡಿನ ಬೆಲೆಯನ್ನು ಬಿಟ್ಟು ಅಲ್ಪಾವಧಿಯ ಬಡ್ಡಿದರವನ್ನೇ ಕವಲೊಡೆಸಿ, ಎಲ್ಲ ಬಾಂಡ್‌ಗಳ ಬೆಲೆಯನ್ನೂ ಒಂದೇ ಮರದಿಂದ ಇಳಿಸಿಕೊಳ್ಳುವ ದಾರಿ ಹಿಡಿದರು.

ಹೊಂದಿಸಿದ ಮರ ಈಗ ಕೈಯಲ್ಲಿದೆ. ಮೊದಲು ಕೇಳಿದ ಪ್ರಶ್ನೆಯನ್ನು ಅದರ ಮುಂದಿಡೋಣ. ಕಾಲ್ ಆಯ್ಕೆಯ ಬಾಂಡಿಗೂ ಹೆಜ್ಜೆಗಳು ಅವೇ. ಮೊದಲ ವರ್ಷದ ಕೊನೆಯ ಗೆಣ್ಣುಗಳಲ್ಲಿ ಮಾತ್ರ ಒಂದು ಪ್ರಶ್ನೆ ಹೆಚ್ಚು. ಇಲ್ಲಿ ಕಂಪನಿ ಏನು ಮಾಡುತ್ತದೆ?

ಮೇಲಿನ ಗೆಣ್ಣಿನಲ್ಲಿ ಮಾರುಕಟ್ಟೆಯ ಬಡ್ಡಿ ಶೇ 8.2. ಕಂಪನಿ ಕೊಡುತ್ತಿರುವುದು ಶೇ 7. ಬಾಂಡಿನ ಉಳಿದ ಒಂದು ವರ್ಷದ ಬೆಲೆ 98.89. ಅದನ್ನು 100 ರೂಪಾಯಿ ಕೊಟ್ಟು ಯಾವ ಕಂಪನಿಯೂ ಹಿಂದಕ್ಕೆ ಪಡೆಯುವುದಿಲ್ಲ. ಬೆಲೆ 98.89 ಆಗಿಯೇ ಉಳಿಯುತ್ತದೆ. ಕೆಳಗಿನ ಗೆಣ್ಣಿನಲ್ಲಿ ಬಡ್ಡಿ ಶೇ 6.2ಕ್ಕೆ ಇಳಿದಿದೆ. ಬಾಂಡಿನ ಬೆಲೆ 100.75, ಕಂಪನಿ 100 ಕೊಟ್ಟು ಅದನ್ನು ಮುಗಿಸಬಹುದು. ಮುಗಿಸಿಯೇ ತೀರುತ್ತದೆ. ಹೂಡಿಕೆದಾರರ ಪಾಲಿಗೆ ಅಲ್ಲಿ 100.75 ಇಲ್ಲ, 100 ಮಾತ್ರ. ಈಗ ಕೂಪನ್ ಕೂಡಿದರೆ ಮೇಲೆ 105.89, ಕೆಳಗೆ 107. ಸರಾಸರಿ 106.45, ಇಂದಿಗೆ ತಂದರೆ 100.42. ಸಾದಾ ಬಾಂಡಿಗೆ 100.78, ಷರತ್ತಿನ ಬಾಂಡಿಗೆ 100.42. ಆ ಒಂದು ಸಾಲಿನ ಷರತ್ತಿನ ಬೆಲೆ 36 ಪೈಸೆ. ಒಂದು ಕೋಟಿ ರೂಪಾಯಿ ಮುಖಬೆಲೆಯ ಬಾಂಡ್ ಕೊಂಡವರಿಗೆ ಅದು 35 ಸಾವಿರ ರೂಪಾಯಿ ದಾಟುತ್ತದೆ.

ಕೂಪನ್ ಕೂಡುವ ಸರದಿಯ ಬಗ್ಗೆ ಹೇಳಿದ್ದು ಇದಕ್ಕೇ. ಮೊದಲು 7 ಕೂಡಿ, ಬಂದ 105.89ನ್ನು 100ಕ್ಕೆ ಹೋಲಿಸಿದರೆ ಮೇಲಿನ ಗೆಣ್ಣಿನಲ್ಲೂ ಕಂಪನಿ ಬಾಂಡನ್ನು ಹಿಂಪಡೆಯುತ್ತದೆ ಎಂಬ ತಪ್ಪು ತೀರ್ಮಾನ ಬರುತ್ತದೆ. ಕಂಪನಿ ಹಿಂಪಡೆದರೂ ಬಿಟ್ಟರೂ ಆ ವರ್ಷದ 7 ರೂಪಾಯಿ ಕೊಡಲೇಬೇಕು. ಆಯ್ಕೆ ಇರುವುದು ಮುಂದಿನ ಹಣದ ಮೇಲೆ ಮಾತ್ರ, ಹಾಗಾಗಿ ಹೋಲಿಕೆಯೂ ಕೂಪನ್ ಬಿಟ್ಟ ಬೆಲೆಯ ಮೇಲೆಯೇ ನಡೆಯಬೇಕು.

ಇಲ್ಲಿ ಇನ್ನೊಂದು ಅಡ್ಡದಾರಿ ಕಣ್ಣಿಗೆ ಬೀಳುತ್ತದೆ. ಎರಡು ಕವಲು ಯಾಕೆ, 8.2 ಮತ್ತು 6.2ರ ಸರಾಸರಿ 7.2 ತಾನೇ, ಅದೊಂದನ್ನೇ ಹಿಡಿದು ಲೆಕ್ಕ ಮಾಡಿದರಾಗದೇ? ಸಾದಾ ಬಾಂಡಿಗೆ ಮಾಡಿ ನೋಡಿದರೆ ವ್ಯತ್ಯಾಸ ಒಂದು ಪೈಸೆಯೂ ಇಲ್ಲ. ಅಷ್ಟರಿಂದ ಧೈರ್ಯ ತಂದುಕೊಂಡು ಕಾಲ್ ಬಾಂಡಿಗೂ ಹಾಗೆಯೇ ಮಾಡಿದರೆ ಲೆಕ್ಕ ಕುಸಿದು ಬೀಳುತ್ತದೆ. ಶೇ 7.2ರಲ್ಲಿ ಬಾಂಡಿನ ಬೆಲೆ 99.81. ಅದು 100ಕ್ಕಿಂತ ಕಡಿಮೆ, ಕಂಪನಿ ಹಿಂಪಡೆಯುವುದಿಲ್ಲ, ಆದ್ದರಿಂದ ಷರತ್ತಿನ ಬೆಲೆ ಸೊನ್ನೆ ಎಂಬ ಉತ್ತರ ಸಿಗುತ್ತದೆ. 36 ಪೈಸೆ ಎಲ್ಲಿ ಹೋಯಿತು? ಆಯ್ಕೆ ಇರುವ ಯಾವುದೇ ಕರಾರಿನ ಬೆಲೆ ಹುಟ್ಟುವುದು ದರ ಸರಾಸರಿಯಿಂದ ಆಚೀಚೆ ಸರಿಯುವುದರಿಂದ. ಸರಾಸರಿಯನ್ನು ಮೊದಲೇ ತೆಗೆದುಬಿಟ್ಟರೆ ಆ ಆಚೀಚೆಯೇ ಅಳಿಸಿಹೋಗುತ್ತದೆ. ಪ್ರತಿ ಗೆಣ್ಣಿನಲ್ಲಿ ಮೊದಲು ತೀರ್ಮಾನ, ಆಮೇಲೆ ಸರಾಸರಿ. ಹಿಮ್ಮುಖ ಲೆಕ್ಕದ ಈ ಕ್ರಮ ತಿರುಗುಮುರುಗಾಗುವಂತಿಲ್ಲ.

ಈವರೆಗೆ ಓದಿದವರಲ್ಲಿ ಒಂದು ಅಸಮಾಧಾನ ಉಳಿದಿರಬಹುದು, ಉಳಿಯಬೇಕು ಕೂಡ. ಅರ್ಧರ್ಧ ತೂಕ ಎಲ್ಲಿಂದ ಬಂತು? ಬಡ್ಡಿ ಏರುವ ಸಾಧ್ಯತೆಯೇ ಹೆಚ್ಚು ಎಂದು ನನಗನ್ನಿಸಿದರೆ? ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ದರ ಇಳಿಸುವುದು ಖಂಡಿತ ಎಂದು ನೀವು ನಂಬಿದ್ದರೆ?

ಉತ್ತರ ಕೊಡಲು ಒಂದು ಪ್ರಯೋಗ ಮಾಡೋಣ. ಸಾಧ್ಯತೆಯ ಮಾತನ್ನೇ ಎತ್ತದೆ, 100 ರೂಪಾಯಿ ಮುಖಬೆಲೆಯ 10,000 ಕಾಲ್ ಬಾಂಡ್‌ಗಳ ನಕಲನ್ನು ತಯಾರಿಸೋಣ. ಬೇಕಾದ ಸಾಮಗ್ರಿ ಎರಡೇ: ಸಾದಾ ಬಾಂಡ್ ಮತ್ತು ಶೇ 6ರ ಒಂದು ವರ್ಷದ ಠೇವಣಿ. ಸಾದಾ ಬಾಂಡ್‌ಗಳನ್ನು 5,955 ಕೊಳ್ಳಿ. ಖರ್ಚು ಸುಮಾರು 6,00,100 ರೂಪಾಯಿ. ಠೇವಣಿಯಲ್ಲಿ ಸುಮಾರು 4,04,100 ಇಡಿ. ಒಂದು ವರ್ಷ ಕಳೆಯಲಿ. ಠೇವಣಿ ಬೆಳೆದು 4,28,300 ಆಗಿದೆ. ಬಡ್ಡಿ ಏರಿದ್ದರೆ ಒಂದೊಂದು ಸಾದಾ ಬಾಂಡಿನಿಂದ ಕೂಪನ್ ಸೇರಿ 105.89, ಒಟ್ಟು 6,30,600; ಎರಡೂ ಸೇರಿ 10,58,900. ಕಾಲ್ ಬಾಂಡ್‌ಗಳು ಆ ಗೆಣ್ಣಿನಲ್ಲಿ 105.89ರಂತೆ ಬಾಳುವುದೂ 10,58,900. ಬಡ್ಡಿ ಇಳಿದಿದ್ದರೆ ಸಾದಾ ಬಾಂಡ್‌ಗಳಿಂದ 107.75ರಂತೆ 6,41,700, ಠೇವಣಿ ಸೇರಿ 10,70,000. ಕಾಲ್ ಬಾಂಡ್‌ಗಳಿಂದ 107ರಂತೆ ಬರುವುದೂ ಅಷ್ಟೇ.

ಬಡ್ಡಿ ಯಾವ ಕಡೆ ಹೋದರೂ ನಕಲು ಅಸಲಿನಷ್ಟೇ ಹಣ ಕೊಟ್ಟಿತು. ನಕಲು ಮಾಡಲು ಇಂದು ತಗಲಿದ್ದು 6,00,100 ಮತ್ತು 4,04,100, ಒಟ್ಟು 10,04,200. ಒಂದು ಬಾಂಡಿಗೆ 100.42. ಮರ ಹೇಳಿದ ಬೆಲೆಯೇ ಇದು. ಈ ಲೆಕ್ಕದಲ್ಲಿ ಎಲ್ಲಿಯೂ ಅರ್ಧ ಎಂಬ ಅಂಕಿ ಬರಲಿಲ್ಲ, ಬಡ್ಡಿ ಏರುತ್ತದೋ ಇಳಿಯುತ್ತದೋ ಎಂದು ಯಾರನ್ನೂ ಕೇಳಲಿಲ್ಲ. ಕಾಲ್ ಬಾಂಡ್ ಇದಕ್ಕಿಂತ ದುಬಾರಿಯಾಗಿ ಮಾರಾಟವಾದರೆ ಅದನ್ನು ಮಾರಿ ನಕಲನ್ನು ಕೊಂಡು ವ್ಯತ್ಯಾಸವನ್ನು ಜೇಬಿಗಿಳಿಸುವ ವ್ಯಾಪಾರಿಗಳು ಮುಗಿಬೀಳುತ್ತಾರೆ, ಬೆಲೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಅರ್ಧ ಎಂಬುದು ಮಾರುಕಟ್ಟೆಯ ಬೆಲೆಗಳು ಒಂದಕ್ಕೊಂದು ಹೊಂದುವಂತೆ ಮಾಡಲು ಇಟ್ಟ ತೂಕ. ಅದನ್ನು ಮೊದಲೇ ಅರ್ಧ ಎಂದು ನಿಗದಿ ಮಾಡಿ ದರಗಳನ್ನು ಅದಕ್ಕೆ ಸರಿಯಾಗಿ ಸರಿಸಿದೆವು. ಮುಂದಿನ ವರ್ಷದ ಬಗ್ಗೆ ಮಾರುಕಟ್ಟೆಗೆ ಇರುವ ನಿರೀಕ್ಷೆ, ಅಪಾಯಕ್ಕೆ ಅದು ಕೇಳುವ ಪ್ರತಿಫಲ ಎರಡೂ 100.78 ಎಂಬ ಬೆಲೆಯೊಳಗೇ ಕೂತಿವೆ. ಕ್ಯಾಲಿಬ್ರೇಷನ್ ಅವನ್ನು ಅಲ್ಲಿಂದ ಮರಕ್ಕೆ ದಾಟಿಸಿತು. ಬಡ್ಡಿದರದ ಬಗ್ಗೆ ನಿಮಗೆ ಬೇರೆ ಅಭಿಪ್ರಾಯವಿದ್ದರೆ ಆ ಬಾಂಡನ್ನು ಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಅದು ಬೇಕಾಗುತ್ತದೆ. ಬೆಲೆ ಕಟ್ಟುವುದಕ್ಕೆ ಬೇಕಾಗುವುದಿಲ್ಲ.

ಇಷ್ಟು ಗಟ್ಟಿಯಾದ ಲೆಕ್ಕದಲ್ಲೂ ಒಂದು ಅಂಕಿ ಮಾತ್ರ ಮಾರುಕಟ್ಟೆಯಿಂದ ಬಂದದ್ದಲ್ಲ, ಎರಡು ಕವಲುಗಳ ನಡುವಿನ ಅಂತರ. ಅದು ಎರಡು ಶೇಕಡಾ ಅಂಶ ಎಂದು ನಾವೇ ಇಟ್ಟೆವು. ಅದನ್ನು ನಾಲ್ಕು ಮಾಡಿದರೆ ಏನಾಗುತ್ತದೆ? ಸಾದಾ ಬಾಂಡ್ 100.78ಕ್ಕೇ ನಿಲ್ಲುವಂತೆ ಮರವನ್ನು ಮತ್ತೆ ಹೊಂದಿಸಿದರೆ ಮೇಲಿನ ದರ ಶೇ 9.23, ಕೆಳಗಿನದು ಶೇ 5.23 ಆಗುತ್ತದೆ. ಕೆಳಗಿನ ಗೆಣ್ಣಿನಲ್ಲಿ ಸಾದಾ ಬಾಂಡಿನ ಬೆಲೆ 101.68ಕ್ಕೆ ಏರುತ್ತದೆ, ಅಲ್ಲಿ ಕಂಪನಿ 100ಕ್ಕೆ ಹಿಂಪಡೆದಾಗ ಹೂಡಿಕೆದಾರರು ಕಳೆದುಕೊಳ್ಳುವುದು 1 ರೂಪಾಯಿ 68 ಪೈಸೆ. ಕಾಲ್ ಬಾಂಡಿನ ಇಂದಿನ ಬೆಲೆ 99.98ಕ್ಕೆ ಇಳಿಯುತ್ತದೆ, ಷರತ್ತಿನ ಬೆಲೆ 36 ಪೈಸೆಯಿಂದ 79 ಪೈಸೆಗೆ ಜಿಗಿಯುತ್ತದೆ.

ಎರಡು ಮರಗಳೂ ಸಾದಾ ಬಾಂಡಿಗೆ ಒಂದೇ ಬೆಲೆ ಹೇಳುತ್ತವೆ, ಎರಡೂ ಮಾರುಕಟ್ಟೆಯ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಆದರೂ ಷರತ್ತಿನ ಬೆಲೆಯನ್ನು ಒಂದು ಇನ್ನೊಂದರ ಎರಡು ಪಟ್ಟಿಗೂ ಹೆಚ್ಚು ಎನ್ನುತ್ತದೆ. ಸಾದಾ ಬಾಂಡಿನ ಬೆಲೆಯನ್ನು ಎಷ್ಟು ದಿಟ್ಟಿಸಿ ನೋಡಿದರೂ ಈ ಎರಡರಲ್ಲಿ ಯಾವುದು ಸರಿ ಎಂಬುದು ತಿಳಿಯುವುದಿಲ್ಲ. ಬಡ್ಡಿದರದ ಏರಿಳಿತ ಎಷ್ಟು ಎಂಬುದನ್ನು ಬಡ್ಡಿದರದ ಮೇಲಿನ ಆಯ್ಕೆಗಳು ನಿಜವಾಗಿ ವ್ಯಾಪಾರವಾಗುವ ಮಾರುಕಟ್ಟೆಯಿಂದ ಓದಬೇಕು. ಅಂಥ ವ್ಯಾಪಾರ ತೆಳುವಾಗಿರುವ ಕಡೆ ಹಿಂದಿನ ವರ್ಷಗಳಲ್ಲಿ ದರ ಎಷ್ಟು ಅಲುಗಿತ್ತು ಎಂದು ನೋಡಿ ಅಂದಾಜಿಸಬೇಕು. ಬ್ಲ್ಯಾಕ್, ಡರ್ಮನ್, ಟಾಯ್ ಮಾದರಿಯ ಭಾಷೆಯಲ್ಲಿ ಹೇಳುವುದಾದರೆ ನಮ್ಮ ಮೊದಲಿನ ಮರದ 8.2 ಮತ್ತು 6.2 ಸುಮಾರು ಶೇ 14ರ ವಾರ್ಷಿಕ ಏರಿಳಿತಕ್ಕೆ ಸಮ. ಯಾರಾದರೂ ಕಾಲ್ ಬಾಂಡಿಗೆ ಪೈಸೆ ಲೆಕ್ಕದಲ್ಲಿ ಖಚಿತ ಬೆಲೆ ಹೇಳಿದರೆ ಮೊದಲು ಕೇಳಬೇಕಾದದ್ದು, ನೀವು ಎಷ್ಟು ಏರಿಳಿತ ಹಿಡಿದಿದ್ದೀರಿ ಎಂದು.

ನಿಜವಾದ ಬಾಂಡ್‌ಗಳಿಗೆ ಮರ ಇಷ್ಟು ಚಿಕ್ಕದಾಗಿದ್ದರೆ ಸಾಲದು. ಭಾರತ ಸರ್ಕಾರದ ಬಾಂಡ್‌ಗಳು ಆರು ತಿಂಗಳಿಗೊಮ್ಮೆ ಕೂಪನ್ ಕೊಡುತ್ತವೆ. ಎರಡು ವರ್ಷಕ್ಕೆ ನಾಲ್ಕು ಹೆಜ್ಜೆ. ದರದ ಗೆಣ್ಣುಗಳು ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು, ಒಟ್ಟು ಹತ್ತು. ಎರಡು ಹೆಜ್ಜೆಗೆ ನಾಲ್ಕು ಗೆಣ್ಣು ಆಗಬೇಕಿತ್ತಲ್ಲ ಎಂದು ಕೇಳಬಹುದು. ಏರಿ ಇಳಿದ ದಾರಿಯೂ ಇಳಿದು ಏರಿದ ದಾರಿಯೂ ಒಂದೇ ದರದಲ್ಲಿ ಬಂದು ಕೂಡುವಂತೆ ಮರವನ್ನು ಹೆಣೆದಿರುತ್ತಾರೆ, ಅದಕ್ಕೇ ಮೂರು. ಆರು ತಿಂಗಳ ಹೆಜ್ಜೆಯ ಹತ್ತು ವರ್ಷದ ಮರದಲ್ಲಿ ಕೊನೆಯ ದರದ ಸಾಲಿಗೆ ಹೀಗೆ 20 ಗೆಣ್ಣುಗಳು ಸಾಕು. ಕೂಡಿಕೊಳ್ಳದ ಮರವಾಗಿದ್ದರೆ ಆ ಸಾಲಿನಲ್ಲಿ ಐದು ಲಕ್ಷ ದಾಟುತ್ತಿದ್ದವು. ಪ್ರತಿ ಸಾಲನ್ನೂ ಆ ಅವಧಿಯ ಸಾದಾ ಬಾಂಡಿನ ಬೆಲೆಗೆ ಹೊಂದಿಸುತ್ತಾ ಎಡದಿಂದ ಬಲಕ್ಕೆ ಮರ ಬೆಳೆಸುವುದು, ಆಮೇಲೆ ಬಲದಿಂದ ಎಡಕ್ಕೆ ಬೆಲೆ ಇಳಿಸಿಕೊಳ್ಳುವುದು. ಹೆಜ್ಜೆ ಎಷ್ಟೇ ಇದ್ದರೂ ಒಂದು ಗೆಣ್ಣಿನಲ್ಲಿ ನಡೆಯುವ ಕೆಲಸ ನಾವು ಈಗ ಮಾಡಿದ್ದೇ.

ಮರಕ್ಕೆ ಕಾಣದ ಸಂಗತಿಗಳೂ ಇವೆ. ಇಲ್ಲಿ ಕಂಪನಿ ಹಣ ಕೊಟ್ಟೇ ಕೊಡುತ್ತದೆ ಎಂದು ಹಿಡಿದಿದ್ದೇವೆ. ಮುಳುಗುವ ಭಯವಿದ್ದರೆ ಆ ಕಂಪನಿಗೆ ತಕ್ಕ ಹೆಚ್ಚಿನ ದರಗಳಿಂದ ಮರ ಕಟ್ಟಬೇಕು. ಮತ್ತೆ, ಕೆಳಗಿನ ಗೆಣ್ಣಿನಲ್ಲಿ 75 ಪೈಸೆ ಲಾಭಕ್ಕಾಗಿ ಕಂಪನಿ ಬಾಂಡನ್ನು ಹಿಂಪಡೆದೇ ತೀರುತ್ತದೆ ಎಂದೆವು. ಹೊಸ ಬಾಂಡ್ ಹೊರಡಿಸಲು ಖರ್ಚು ಇರುತ್ತದೆ. ಆ ಖರ್ಚು 75 ಪೈಸೆಗಿಂತ ಹೆಚ್ಚಿದ್ದರೆ ಹಳೆಯ ಸಾಲವನ್ನೇ ಮುಂದುವರಿಸುವುದು ಕಂಪನಿಗೆ ಲೇಸು. ಅಂಥ ಖರ್ಚನ್ನು 100ಕ್ಕೆ ಕೂಡಿ ಹೋಲಿಸಿದರೆ ಲೆಕ್ಕ ವಾಸ್ತವಕ್ಕೆ ಹತ್ತಿರವಾಗುತ್ತದೆ.

ಷರತ್ತು ಯಾವಾಗಲೂ ಸಾಲಗಾರರ ಪರವೇ ಇರಬೇಕೆಂದಿಲ್ಲ. ಒಂದು ವರ್ಷ ತುಂಬಿದ ದಿನ 100 ರೂಪಾಯಿಗೆ ಬಾಂಡನ್ನು ಕಂಪನಿಗೇ ವಾಪಸ್ ಮಾಡುವ ಹಕ್ಕು ಹೂಡಿಕೆದಾರರಿಗೆ ಇದ್ದರೆ ಅದು ಪುಟ್ ಆಯ್ಕೆ. ಅದೇ ಮರದಲ್ಲಿ ಈಗ ಮೇಲಿನ ಗೆಣ್ಣು ಬದಲಾಗುತ್ತದೆ. 98.89 ಬಾಳುವ ಬಾಂಡನ್ನು ಹೂಡಿಕೆದಾರರು ವಾಪಸ್ ಕೊಟ್ಟು 100 ಪಡೆಯುತ್ತಾರೆ, ಕೆಳಗೆ 100.75 ಹಾಗೆಯೇ ಉಳಿಯುತ್ತದೆ. ಇಂದಿನ ಬೆಲೆ 101.30. ಈ ಹಕ್ಕಿಗಾಗಿ ಹೂಡಿಕೆದಾರರು 52 ಪೈಸೆ ಹೆಚ್ಚು ಕೊಡಬೇಕು.

ಎರಡೂ ಹಕ್ಕು ಒಂದೇ ಬಾಂಡಿನಲ್ಲಿ ಇದ್ದರೆ? ಭಾರತ ಸರ್ಕಾರವೇ ಅಂಥದ್ದೊಂದನ್ನು ಹೊರಡಿಸಿತ್ತು. 2002ರ ಜುಲೈ 18ರಂದು ಬಂದ, ಶೇ 6.72 ಕೂಪನ್ನಿನ, 2012ಕ್ಕೆ ಮುಗಿಯಬೇಕಿದ್ದ ಹತ್ತು ವರ್ಷದ ಬಾಂಡ್ ಅದು. ಐದು ವರ್ಷ ತುಂಬಿದ 2007ರ ಜುಲೈ 18ರಿಂದ ಯಾವುದೇ ಕೂಪನ್ ದಿನದಂದು ಮುಖಬೆಲೆಗೆ ಹಿಂಪಡೆಯುವ ಹಕ್ಕು ಸರ್ಕಾರಕ್ಕಿತ್ತು, ಮುಖಬೆಲೆಗೆ ಹಿಂದಿರುಗಿಸುವ ಹಕ್ಕು ಹೂಡಿಕೆದಾರರಿಗೂ ಇತ್ತು. ನಮ್ಮ ಚಿಕ್ಕ ಮರದಲ್ಲಿ ಇದನ್ನು ಇಟ್ಟು ನೋಡಿ. ಬಡ್ಡಿ ಏರಿದರೆ ಹೂಡಿಕೆದಾರರು ವಾಪಸ್ ಕೊಡುತ್ತಾರೆ, 100. ಇಳಿದರೆ ಸಾಲಗಾರ ಹಿಂಪಡೆಯುತ್ತಾನೆ, ಆಗಲೂ 100. ಎರಡೂ ಗೆಣ್ಣುಗಳಲ್ಲಿ ಕೂಪನ್ ಸೇರಿ 107. ಇಂದಿನ ಬೆಲೆ 107ನ್ನು 1.06ರಿಂದ ಭಾಗಿಸಿದಾಗ ಬರುವ 100.94. ಶೇ 7 ಕೊಡುವ ಒಂದು ವರ್ಷದ ಸಾದಾ ಬಾಂಡಿನ ಬೆಲೆಯೂ ಸರಿಯಾಗಿ ಅಷ್ಟೇ. ಕವಲುಗಳ ಅಂತರ ಎರಡಿರಲಿ ನಾಲ್ಕಿರಲಿ, ಈ ಬೆಲೆ ಅಲುಗುವುದಿಲ್ಲ. ಹತ್ತು ವರ್ಷದ್ದೆಂದು ಹೆಸರಿದ್ದ ಆ ಸರ್ಕಾರಿ ಬಾಂಡಿಗೂ ಇದೇ ತರ್ಕ ಹಚ್ಚಿದರೆ, ಹೊರಟ ದಿನ ಅದರ ಬೆಲೆಯನ್ನು ಹೋಲಿಸಿ ನೋಡಬೇಕಾಗಿದ್ದದ್ದು 2007ಕ್ಕೆ ಮುಗಿಯುವ ಐದು ವರ್ಷದ ಬಾಂಡ್‌ಗಳ ಜೊತೆಗೆ.